ಪಂಚಾಯಿತಿ ಜಾಗ, ‘ಬಿ’ ವಲಯದ ಕೂಲಿ: ಕನಿಷ್ಠ ವೇತನದ ಒಂದು ಪ್ರಕರಣ ಅಧ್ಯಯನ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಗಡಿ ದಾಟಿ ಹನ್ನೊಂದು ಕಿಲೋಮೀಟರ್ ಹೋದರೆ ಸಿಗುವ ಒಂದು ಹಳ್ಳಿಯ ಬದಿಯಲ್ಲಿ ಕೇಂದ್ರ ಸರ್ಕಾರದ ಅಧೀನದ ಕಚೇರಿ ಸಮುಚ್ಚಯವೊಂದಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಗುತ್ತಿಗೆದಾರನ ಕೈಕೆಳಗೆ ಹದಿನಾಲ್ಕು ಜನ ಸ್ವಚ್ಛತಾ ಕೆಲಸ ಮಾಡುತ್ತಾರೆ. ಇಲ್ಲಿ ಬರುವ ಶಾಂತವ್ವ ಮತ್ತು ಬಸಪ್ಪ ನಿಜವಾದ ಯಾವ ವ್ಯಕ್ತಿಗಳೂ ಅಲ್ಲ. ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ. ಆದರೆ ದರಗಳು, ವಲಯದ ನಿಯಮ ಮತ್ತು ಕಾನೂನಿನ ಕಲಮುಗಳು ಇದ್ದದ್ದು ಇದ್ದ ಹಾಗೆಯೇ ಇವೆ. ಪ್ರಕರಣದ ಅವಧಿ 2024ರ ಅಕ್ಟೋಬರ್ 1ರಿಂದ 2025ರ ಮಾರ್ಚ್ 31ರವರೆಗಿನ ಆರು ತಿಂಗಳು.

ಶಾಂತವ್ವನ ಖಾತೆಗೆ 26 ದಿನ ದುಡಿದ ತಿಂಗಳಲ್ಲಿ ಬೀಳುತ್ತಿದ್ದ ಹಣ 11,932 ರೂಪಾಯಿ. ಪಕ್ಕದ ಊರಿನಿಂದ ಹುಬ್ಬಳ್ಳಿಯೊಳಗಿನ ಇನ್ನೊಂದು ಕೇಂದ್ರ ಕಚೇರಿಗೆ ಗುಡಿಸಲು ಹೋಗುತ್ತಿದ್ದ ಅವಳ ತಂಗಿಗೆ ಅದೇ ಕೆಲಸಕ್ಕೆ ಹದಿನೈದು ಸಾವಿರಕ್ಕೂ ಹೆಚ್ಚು ಬರುತ್ತಿತ್ತು. ಕೇಳಿದಾಗ ಮೇಲ್ವಿಚಾರಕ ಕೊಟ್ಟ ಉತ್ತರ ಚಿಕ್ಕದಾಗಿತ್ತು: “ಅಕ್ಕಾರ, ಅದು ಸಿಟಿ, ಇದು ಹಳ್ಳಿ. ಸರ್ಕಾರದ ರೇಟೇ ಬ್ಯಾರೆ ಐತ್ರಿ.” ಇದು ಪೂರ್ತಿ ಸುಳ್ಳಲ್ಲ. ಸರ್ಕಾರದ ದರ ಊರಿನಿಂದ ಊರಿಗೆ ಬೇರೆ ಇರುವುದು ನಿಜ. ಪ್ರಶ್ನೆ ಇದ್ದದ್ದು, ಈ ಹಳ್ಳಿ ಕಾನೂನಿನ ಕಣ್ಣಿನಲ್ಲಿ ಎಲ್ಲಿದೆ ಎಂಬುದು.

ಅದಕ್ಕೂ ಮೊದಲು ಬಗೆಹರಿಯಬೇಕಾದ ಇನ್ನೊಂದು ಪ್ರಶ್ನೆಯಿತ್ತು. ಶಾಂತವ್ವ ಮತ್ತು ಜೊತೆಯವರು ಮೊದಲು ಹೋದದ್ದು ರಾಜ್ಯದ ಕಾರ್ಮಿಕ ಇಲಾಖೆಯ ಕಚೇರಿಗೆ. ಅಲ್ಲಿ ಅರ್ಜಿ ಕೊಟ್ಟು ಮೂರು ವಾರ ಕಾದ ಮೇಲೆ, ಈ ಜಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು. ಕನಿಷ್ಠ ವೇತನವನ್ನು ದೇಶದಲ್ಲಿ ಇಬ್ಬರು ನಿಗದಿ ಮಾಡುತ್ತಾರೆ. ಅಂಗಡಿ, ಹೋಟೆಲು, ಗಾರ್ಮೆಂಟ್ಸ್, ಖಾಸಗಿ ಕಾರ್ಖಾನೆ ಮುಂತಾದವುಗಳಿಗೆ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ರೈಲ್ವೆ, ಗಣಿ, ದೊಡ್ಡ ಬಂದರು, ಕೇಂದ್ರ ಸರ್ಕಾರವೇ ನಡೆಸುವ ಅಥವಾ ಅದರ ಅಧಿಕಾರದಡಿ ನಡೆಯುವ ಕೆಲಸಗಳಿಗೆ ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಸಂಬಳ ಕೊಡುವವನು ಖಾಸಗಿ ಗುತ್ತಿಗೆದಾರ ಆಗಿದ್ದರೂ, ಕೆಲಸ ನಡೆಯುವುದು ಕೇಂದ್ರದ ಸಂಸ್ಥೆಗಾಗಿ ಆಗಿದ್ದರೆ ಅನ್ವಯವಾಗುವುದು ಕೇಂದ್ರದ ದರ. ದೂರು ಹೋಗಬೇಕಾದದ್ದು ಮುಖ್ಯ ಕಾರ್ಮಿಕ ಆಯುಕ್ತರ (ಕೇಂದ್ರ) ವ್ಯವಸ್ಥೆಗೆ. ಗುತ್ತಿಗೆದಾರನ ಕಚೇರಿಯ ವಿಳಾಸ, ಅವನ ನೋಂದಣಿ ಯಾವ ಊರಿನಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೆಲಸಗಾರರು ಬಾಗಿಲು ತಪ್ಪಿ ಹೋಗುವುದು ನಾನು ಕಂಡ ಮಟ್ಟಿಗೆ ಅತ್ಯಂತ ಸಾಮಾನ್ಯವಾದ ನಷ್ಟ. ಏಕೆಂದರೆ ತಪ್ಪು ಕಚೇರಿಯಲ್ಲಿ ಕಾಯುವ ಕಾಲದಲ್ಲೂ ಅರ್ಜಿಯ ಗಡುವು ಓಡುತ್ತಲೇ ಇರುತ್ತದೆ.

ಈಗ ದರದ ವಿಷಯಕ್ಕೆ ಬರೋಣ. ಕೇಂದ್ರ ತನ್ನ ದರಕ್ಕಾಗಿ ಊರುಗಳನ್ನು ಮೂರು ವಲಯಗಳಾಗಿ ವಿಂಗಡಿಸಿದೆ: ಬೆಂಗಳೂರಿನಂಥವು ‘ಎ’, ಹುಬ್ಬಳ್ಳಿ-ಧಾರವಾಡದಂಥವು ‘ಬಿ’, ಈ ಎರಡು ಪಟ್ಟಿಗಳಿಗೆ ಸೇರದವು ‘ಸಿ’. ಕೇಂದ್ರದ ವ್ಯಾಪ್ತಿಯ ಸ್ವಚ್ಛತಾ ಕೆಲಸಕ್ಕೂ ಕಟ್ಟಡ ಕೆಲಸದ ಅಕುಶಲ ವರ್ಗಕ್ಕೂ 2017ರ ಜನವರಿಯಲ್ಲಿ ನಿಗದಿಯಾದ ಮೂಲ ದರ ದಿನಕ್ಕೆ ‘ಎ’ ವಲಯದಲ್ಲಿ 523, ‘ಬಿ’ಯಲ್ಲಿ 437, ‘ಸಿ’ಯಲ್ಲಿ 350 ರೂಪಾಯಿ. ಇದರ ಮೇಲೆ ತುಟ್ಟಿಭತ್ಯೆ ಕೂಡುತ್ತದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಆರು ತಿಂಗಳ ಸರಾಸರಿ ಎಷ್ಟು ಏರಿದೆ ಎಂದು ನೋಡಿ, ವರ್ಷಕ್ಕೆ ಎರಡು ಸಲ, ಏಪ್ರಿಲ್ 1 ಮತ್ತು ಅಕ್ಟೋಬರ್ 1ರಿಂದ ಜಾರಿಯಾಗುವಂತೆ ಕೇಂದ್ರ ಇದನ್ನು ಪರಿಷ್ಕರಿಸುತ್ತದೆ. ಕರ್ನಾಟಕ ಸರ್ಕಾರದ ದರಗಳಲ್ಲಿ ತುಟ್ಟಿಭತ್ಯೆ ಬದಲಾಗುವುದು ವರ್ಷಕ್ಕೊಮ್ಮೆ, ಏಪ್ರಿಲ್ 1ರಂದು. 2024ರ ಅಕ್ಟೋಬರ್ 1ರಿಂದ ಕೇಂದ್ರದ ತುಟ್ಟಿಭತ್ಯೆ ‘ಬಿ’ ವಲಯದಲ್ಲಿ 218, ‘ಸಿ’ ವಲಯದಲ್ಲಿ 176 ಆಗಿತ್ತು. ಹೀಗಾಗಿ ಗುಡಿಸುವವರ ದಿನದ ಕನಿಷ್ಠ ಕೂಲಿ ‘ಎ’ಯಲ್ಲಿ 783, ‘ಬಿ’ಯಲ್ಲಿ 655, ‘ಸಿ’ಯಲ್ಲಿ 526 ರೂಪಾಯಿ ಆಯಿತು. ತುಟ್ಟಿಭತ್ಯೆ ಮಾಲೀಕನ ಕೃಪೆಯಲ್ಲ, ಕನಿಷ್ಠ ವೇತನದ ಒಂದು ಭಾಗ. ಮೂಲ ದರವನ್ನಷ್ಟೇ ಕೊಟ್ಟು ‘ಕನಿಷ್ಠ ವೇತನ ಕೊಟ್ಟಿದ್ದೇವೆ’ ಎನ್ನಲು ಬರುವುದಿಲ್ಲ.

ಕೌಶಲದ ಮೆಟ್ಟಿಲುಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಹೊಂದಾಣಿಕೆ ಕಾಣುತ್ತದೆ. ಕಟ್ಟಡ ಕೆಲಸದಲ್ಲಿ ಅದೇ ಅವಧಿಯಲ್ಲಿ ಅರೆಕುಶಲನಿಗೆ ‘ಎ’ಯಲ್ಲಿ 868, ‘ಬಿ’ಯಲ್ಲಿ 739 ಇತ್ತು, ಕುಶಲನಿಗೆ ‘ಎ’ಯಲ್ಲಿ 954, ‘ಬಿ’ಯಲ್ಲಿ 868, ‘ಸಿ’ಯಲ್ಲಿ 739 ಇತ್ತು. ಅಂದರೆ ಹುಬ್ಬಳ್ಳಿಯ ನುರಿತ ಪ್ಲಂಬರನಿಗೂ ಬೆಂಗಳೂರಿನ ಅರೆಕುಶಲ ಸಹಾಯಕನಿಗೂ ಕಾನೂನು ಕಟ್ಟಿದ ಬೆಲೆ ಒಂದೇ. ಕುಶಲನೊಬ್ಬ ಒಂದು ವಲಯ ಕೆಳಗೆ ಇಳಿದರೆ ಒಂದು ಕೌಶಲದ ಮೆಟ್ಟಿಲು ಜಾರಿದಂತೆ ಆಗುತ್ತದೆ. ಆದ್ದರಿಂದಲೇ ಕೆಲಸಗಾರನ ವಲಯವನ್ನು ತಪ್ಪಾಗಿ ಬರೆಯುವುದು, ಅವನ ಕೌಶಲವನ್ನು ತಪ್ಪಾಗಿ ಬರೆಯುವುದರಷ್ಟೇ ಲಾಭದ ವ್ಯವಹಾರ. ಈ ಪ್ರಕರಣದಲ್ಲಿ ಎರಡೂ ನಡೆದಿದ್ದವು.

ಶಾಂತವ್ವನ ವೇತನ ಚೀಟಿಯಲ್ಲಿ ದಿನಗೂಲಿ 526 ಎಂದಿತ್ತು. ಚೀಟಿಯನ್ನು ಬಿಡಿಸಿ ನೋಡಿದರೆ ಲೆಕ್ಕ ಹೀಗಿತ್ತು: 26 ದಿನಕ್ಕೆ 13,676 ರೂಪಾಯಿ; ಅದರಲ್ಲಿ ಭವಿಷ್ಯನಿಧಿಗೆ ಶೇ 12ರಂತೆ 1,641, ಇಎಸ್‌ಐಗೆ ಶೇ 0.75ರಂತೆ 103 ಕಡಿತ, ಉಳಿದದ್ದು 11,932. ಕೆಲಸಗಾರರು ಕೈಗೆ ಬಂದ ಹಣವನ್ನು ಸರ್ಕಾರದ ದರದ ಜೊತೆ ಹೋಲಿಸಿ ‘ಇಷ್ಟು ಕಡಿಮೆ ಕೊಟ್ಟಿದ್ದಾರೆ’ ಎಂದು ಬರೆಯುವುದುಂಟು. ಅದು ತಪ್ಪು, ಭವಿಷ್ಯನಿಧಿ ಮತ್ತು ಇಎಸ್‌ಐನ ಕೆಲಸಗಾರನ ಪಾಲನ್ನು ಕಳೆಯಲು ಕಾನೂನಿನ ಒಪ್ಪಿಗೆಯಿದೆ. ಹೋಲಿಸಬೇಕಾದದ್ದು ಕಡಿತಕ್ಕೆ ಮುಂಚಿನ ಮೊತ್ತವನ್ನು. ಆದರೆ ಮಾಲೀಕನ ಪಾಲಿನ ಭವಿಷ್ಯನಿಧಿಯನ್ನೂ ಕೆಲಸಗಾರನ ಕೂಲಿಯಿಂದಲೇ ಮುರಿದುಕೊಂಡಿದ್ದರೆ ಅದು ಬೇರೆಯದೇ ಅಪರಾಧ. ಹಾಗಾಗಿ ಚೀಟಿಯ ಕಡಿತದ ಅಂಕಣವನ್ನು ಒಂದು ಸಲ ಶೇಕಡಾ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಶಾಂತವ್ವನ ಚೀಟಿಯಲ್ಲಿ ಆ ತಕರಾರು ಇರಲಿಲ್ಲ.

ಕೆಲಸಗಾರರಲ್ಲಿ ಕೆಲವರು ಇನ್ನೊಂದು ಬೇಡಿಕೆಯನ್ನೂ ಸೇರಿಸಬೇಕೆಂದಿದ್ದರು. ತಿಂಗಳಿಗೆ 30 ದಿನ ಇದೆ, ಕೊಡುವುದು 26 ದಿನದ್ದು, ಉಳಿದ ನಾಲ್ಕು ಭಾನುವಾರದ ಕೂಲಿ ಎಲ್ಲಿ ಎಂಬುದು ಅವರ ವಾದ. ಕೇಂದ್ರದ ಅಧಿಸೂಚನೆಯ ವಿವರಣೆಯಲ್ಲಿ, ಈ ದಿನಗೂಲಿಯಲ್ಲಿ ವಾರದ ವಿಶ್ರಾಂತಿ ದಿನದ ಕೂಲಿಯೂ ಅಡಕವಾಗಿದೆ ಎಂದು ಹೇಳಿದೆ. ‘ಬಿ’ ವಲಯದ ತಿಂಗಳ ಲೆಕ್ಕ 655ನ್ನು 26ರಿಂದ ಗುಣಿಸಿ ಬರುವ 17,030 ಮಾತ್ರ. ನಿಲ್ಲದ ಬೇಡಿಕೆಯೊಂದನ್ನು ಅರ್ಜಿಯಲ್ಲಿ ತುರುಕಿದರೆ ಎದುರು ಪಕ್ಷದ ವಕೀಲ ವಿಚಾರಣೆಯ ದಿನವೆಲ್ಲ ಅದರ ಮೇಲೆಯೇ ಮಾತಾಡುತ್ತಾನೆ. ಅದನ್ನು ಕೈಬಿಟ್ಟದ್ದು ಸರಿಯಾಯಿತು.

ಇನ್ನು ಪ್ರಕರಣದ ಹೃದಯವಾದ ವಲಯದ ಪ್ರಶ್ನೆ. ಗುತ್ತಿಗೆದಾರನ ವಾದ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಜಾಗ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಮನೆ ತೆರಿಗೆ ಹೋಗುವುದು ಪಂಚಾಯಿತಿಗೆ. ಅಧಿಸೂಚನೆಯ ಅನುಬಂಧದ ‘ಬಿ’ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರಿದೆಯೇ ಹೊರತು ಈ ಹಳ್ಳಿಯ ಹೆಸರಿಲ್ಲ. ಪಟ್ಟಿಯಲ್ಲಿ ಇಲ್ಲದ ಊರೆಲ್ಲ ‘ಸಿ’. ಟೆಂಡರ್ ಹಾಕುವಾಗ ಅಂದಾಜು ಪಟ್ಟಿಯಲ್ಲೂ ‘ಸಿ’ ವಲಯದ ದರವನ್ನೇ ಹಿಡಿಯಲಾಗಿತ್ತು ಎಂದು ಅವನು ಕಾಗದವನ್ನೂ ತೋರಿಸಿದ.

ಅವನು ಓದದೆ ಬಿಟ್ಟದ್ದು, ಅಥವಾ ಓದಿಯೂ ಸುಮ್ಮನಿದ್ದದ್ದು, ಅನುಬಂಧದ ಜೊತೆಗಿರುವ ಒಂದು ಸಾಲನ್ನು. ‘ಎ’ ಮತ್ತು ‘ಬಿ’ ವಲಯಗಳಲ್ಲಿ ಹೆಸರಿಸಿದ ಸ್ಥಳಗಳಷ್ಟೇ ಅಲ್ಲದೆ, ಆ ಸ್ಥಳದ ಮಹಾನಗರ ಪಾಲಿಕೆ, ಪುರಸಭೆ ಅಥವಾ ದಂಡು ಪ್ರದೇಶದ ಅಂಚಿನಿಂದ ಹದಿನೈದು ಕಿಲೋಮೀಟರ್ ದೂರದೊಳಗೆ ಇರುವ ಎಲ್ಲ ಸ್ಥಳಗಳೂ ಆಯಾ ವಲಯಕ್ಕೇ ಸೇರುತ್ತವೆ ಎಂದು ಅದು ಹೇಳುತ್ತದೆ. ಊರು ಯಾವ ಪಂಚಾಯಿತಿಗೆ ತೆರಿಗೆ ಕಟ್ಟುತ್ತದೆ ಎಂಬುದನ್ನು ಈ ನಿಯಮ ಕೇಳುವುದೇ ಇಲ್ಲ. ಅದು ಕೇಳುವುದು ದೂರವನ್ನು, ಅದೂ ಅಂಚಿನಿಂದ.

ಅಂಚಿನಿಂದ ಎಂಬ ಮಾತಿನಲ್ಲೇ ಎಲ್ಲವೂ ಇದೆ. ಗುತ್ತಿಗೆದಾರನ ಕಡೆಯವರು ಮೊದಲ ವಿಚಾರಣೆಯಲ್ಲಿ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಿಂದ ಈ ಜಾಗಕ್ಕೆ ಇಪ್ಪತ್ತು ಕಿಲೋಮೀಟರ್ ಎಂದು ಬಸ್ ಟಿಕೆಟ್ ಸಮೇತ ಹೇಳಿದರು. ಟಿಕೆಟ್ ಸುಳ್ಳಾಗಿರಲಿಲ್ಲ, ಅಳೆಯಲು ಹಿಡಿದ ಜಾಗ ತಪ್ಪಾಗಿತ್ತು. ಕೆಲಸಗಾರರ ಪರವಾಗಿದ್ದ ಸಂಘದವರು ಪಾಲಿಕೆಯ ಗಡಿ ತೋರಿಸುವ ನಕ್ಷೆಯನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸಿದರು. ಗಡಿಗೆ ಅಂಟಿಕೊಂಡ ಕೊನೆಯ ವಾರ್ಡಿನ ತುದಿಯಿಂದ ಕಚೇರಿಯ ಗೇಟಿನವರೆಗಿನ ದೂರ ಹನ್ನೊಂದು ಕಿಲೋಮೀಟರ್ ಎಂದು ಗ್ರಾಮ ಆಡಳಿತಾಧಿಕಾರಿಯಿಂದ ಬರೆಸಿಕೊಂಡರು. ಹದಿನಾಲ್ಕೂವರೆ ಕಿಲೋಮೀಟರ್ ಇದ್ದಿದ್ದರೆ ರಸ್ತೆಯ ದೂರವೋ ನೇರ ದೂರವೋ ಎಂಬ ಜಗಳ ಏಳುತ್ತಿತ್ತು. ಹನ್ನೊಂದರಲ್ಲಿ ಆ ಅವಕಾಶ ಉಳಿಯಲಿಲ್ಲ. ಟೆಂಡರಿನ ಅಂದಾಜು ಪಟ್ಟಿಯ ವಾದವೂ ನಿಲ್ಲಲಿಲ್ಲ. ಯಾವ ಒಪ್ಪಂದವಾಗಲಿ ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವಂತೆ ಮಾಡಿದರೆ ಅಷ್ಟರ ಮಟ್ಟಿಗೆ ಅದು ಅಸಿಂಧು ಎಂದು ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. ‘ನನಗೆ ಟೆಂಡರಿನಲ್ಲಿ ಸಿಕ್ಕಿದ್ದೇ ಅಷ್ಟು’ ಎಂಬ ಮಾತಿಗೂ ಬೆಲೆಯಿಲ್ಲ. ಕನಿಷ್ಠ ವೇತನದ ವಿಷಯದಲ್ಲಿ ಮಾಲೀಕನ ಕೊಡುವ ಶಕ್ತಿ ಲೆಕ್ಕಕ್ಕೆ ಬಾರದು ಎಂಬುದನ್ನು ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ ಉನಿಚೋಯಿ ಪ್ರಕರಣದಲ್ಲಿ ಇತ್ಯರ್ಥ ಮಾಡಿದೆ.

ಬಸಪ್ಪನ ವಿಷಯ ಇಷ್ಟು ನೇರವಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನೂ ‘ಸ್ವಚ್ಛತೆ’. ಬೆಳಗ್ಗೆ ಪೊರಕೆ ಹಿಡಿಯುತ್ತಿದ್ದ. ಆದರೆ ಸಮುಚ್ಚಯದಲ್ಲಿ ನಲ್ಲಿ ಸೋರಿದರೆ, ಪೈಪು ಒಡೆದರೆ, ಮೇಲಿನ ಟ್ಯಾಂಕಿನ ವಾಲ್ವ್ ಕೆಟ್ಟರೆ ಕರೆಯುತ್ತಿದ್ದದ್ದೂ ಅವನನ್ನೇ. ಐಟಿಐ ಪ್ರಮಾಣಪತ್ರ ಇಲ್ಲ. ಚಿಕ್ಕಪ್ಪನ ಜೊತೆ ಹತ್ತು ವರ್ಷ ಪೈಪು ಜೋಡಿಸಿ ಕಲಿತವನು. ಗುತ್ತಿಗೆದಾರ ‘ಸರ್ಟಿಫಿಕೇಟ್ ಇಲ್ಲದವನು ಕುಶಲ ಹೇಗಾದಾನು’ ಎಂದ. ಅಧಿಸೂಚನೆಯ ವ್ಯಾಖ್ಯೆ ಬೇರೆಯದನ್ನು ಹೇಳುತ್ತದೆ: ಕೆಲಸದ ಅನುಭವದಿಂದಾಗಲಿ, ಶಿಶಿಕ್ಷುವಾಗಿ ಅಥವಾ ತಾಂತ್ರಿಕ ಸಂಸ್ಥೆಯಲ್ಲಿ ಪಡೆದ ತರಬೇತಿಯಿಂದಾಗಲಿ ಬಂದ ನೈಪುಣ್ಯ ಬೇಡುವ, ಸ್ವಂತ ವಿವೇಚನೆ ಬಳಸಬೇಕಾದ ಕೆಲಸ ಕುಶಲ ಕೆಲಸ. ಅರೆಕುಶಲ ಎಂದರೆ ಅನುಭವದಿಂದ ಬಂದ ಸ್ವಲ್ಪಮಟ್ಟಿನ ನೈಪುಣ್ಯದಿಂದ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಮಾಡಬಹುದಾದದ್ದು. ಅಳೆಯುವುದು ಕೆಲಸವನ್ನೇ ಹೊರತು ಕೆಲಸಗಾರನ ಕೈಯಲ್ಲಿರುವ ಕಾಗದವನ್ನಲ್ಲ. ಯಾರೂ ನಿಂತು ಹೇಳಿಕೊಡದೆ, ಎಲ್ಲಿ ಸೋರುತ್ತಿದೆ ಎಂದು ತಾನೇ ಹುಡುಕಿ ಸರಿಮಾಡುವವನನ್ನು ಅರೆಕುಶಲ ಎನ್ನುವುದು ಕಷ್ಟ.

ಹಾಗೆಂದು ಬಸಪ್ಪ ಇಡೀ ಆರು ತಿಂಗಳಿಗೆ ಪ್ಲಂಬರನ ದರ ಕೇಳಿದ್ದೂ ಸರಿಯಿರಲಿಲ್ಲ. ಅವನು ದುಡಿದದ್ದು 150 ದಿನ. ಮೊದಲು ಬರೆದ ಅರ್ಜಿಯಲ್ಲಿ 868ರಲ್ಲಿ 526 ಕಳೆದು, ಉಳಿದ 342ನ್ನು 150ರಿಂದ ಗುಣಿಸಿ 51,300 ರೂಪಾಯಿ ಬಾಕಿ ಎಂದು ತೋರಿಸಲಾಗಿತ್ತು. ಒಬ್ಬನೇ ಕೆಲಸಗಾರ ಬೇರೆ ಬೇರೆ ದರದ ಎರಡು ಕೆಲಸ ಮಾಡಿದರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೋ ಅಷ್ಟಕ್ಕೆ ಆ ದರ ಎಂಬುದು ಕಾಯ್ದೆಯ 16ನೇ ಕಲಮಿನ ನಿಯಮವಾಗಿತ್ತು. ಹಾಗಾದರೆ ಎಷ್ಟು ಹೊತ್ತು? ಹಾಜರಿ ಪುಸ್ತಕದಲ್ಲಿ ಅದಿರಲಿಲ್ಲ. ಸಿಕ್ಕಿದ್ದು ಕಚೇರಿಯ ದೂರು ಪುಸ್ತಕದಲ್ಲಿ. ನೀಲಿ ರಟ್ಟಿನ, ದಾರ ಕಟ್ಟಿದ ಆ ಪುಸ್ತಕದಲ್ಲಿ ‘ಎರಡನೇ ಮಹಡಿ, ಹೆಂಗಸರ ಶೌಚಾಲಯ, ಫ್ಲಶ್ ನಿಲ್ಲುತ್ತಿಲ್ಲ’ ಎಂಬಂಥ ಸಾಲು, ಎದುರಿಗೆ ತಾರೀಖು, ಕೊನೆಯ ಅಂಕಣದಲ್ಲಿ ‘ಸರಿಪಡಿಸಿದೆ’ ಎಂದು ಬಸಪ್ಪನ ವಕ್ರ ಸಹಿ. ಆರು ತಿಂಗಳಲ್ಲಿ ಅರವತ್ತು ಮಧ್ಯಾಹ್ನಗಳಲ್ಲಿ ಅವನ ಸಹಿ ಇತ್ತು. ಒಂದೊಂದು ಮಧ್ಯಾಹ್ನವನ್ನು ಅರ್ಧ ದಿನ ಎಂದು ಹಿಡಿದರೆ ಮೂವತ್ತು ದಿನದ ಪ್ಲಂಬಿಂಗ್ ಕೆಲಸ. ಉಳಿದ 120 ದಿನ ಸ್ವಚ್ಛತೆ.

ಲೆಕ್ಕ ಹೀಗೆ ಬದಲಾಯಿತು. ಮೂವತ್ತು ದಿನಕ್ಕೆ 868ರಂತೆ 26,040, ನೂರಿಪ್ಪತ್ತು ದಿನಕ್ಕೆ 655ರಂತೆ 78,600, ಒಟ್ಟು 1,04,640. ಅವನಿಗೆ ಕೊಟ್ಟದ್ದು 526ರಂತೆ 78,900. ಬಾಕಿ 25,740 ರೂಪಾಯಿ. ಮೊದಲು ಕೇಳಿದ್ದರ ಅರ್ಧ ಮಾತ್ರ, ಆದರೆ ಪ್ರತಿ ರೂಪಾಯಿಗೂ ಪುಸ್ತಕದಲ್ಲಿ ಆಧಾರವಿತ್ತು. ಇಲ್ಲಿ ಗುತ್ತಿಗೆದಾರನಿಗೆ ಇನ್ನೊಂದು ವಾದಕ್ಕೆ ಎಡೆಯಿತ್ತು ಎಂಬುದನ್ನು ಮರೆಮಾಚಬಾರದು: ಪ್ಲಂಬರನ ದರ ಇರುವುದು ಕಟ್ಟಡ ಕೆಲಸದ ಪಟ್ಟಿಯಲ್ಲಿ, ನಲ್ಲಿ ರಿಪೇರಿಯನ್ನು ಕಟ್ಟಡ ಕೆಲಸ ಎನ್ನಬಹುದೇ ಎಂದು ಅವನು ಕೇಳಬಹುದಿತ್ತು. ಅವನ ವಕೀಲ ಸರ್ಟಿಫಿಕೇಟಿನ ಮಾತಿನಲ್ಲೇ ಉಳಿದುಬಿಟ್ಟ.

ಶಾಂತವ್ವನ ಲೆಕ್ಕ ಸರಳ. ಅವಳು ದುಡಿದದ್ದು 153 ದಿನ. ದಿನಕ್ಕೆ 129 ರೂಪಾಯಿ ಕಡಿಮೆ. ಬಾಕಿ 19,737 ರೂಪಾಯಿ. ಹದಿನಾಲ್ಕು ಜನರೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಾಗಿರಲಿಲ್ಲ. ಒಂದೇ ಜಾಗದ, ಒಂದೇ ಬಗೆಯ ಬಾಕಿಯಿರುವವರು ಒಟ್ಟಾಗಿ ಒಂದೇ ಅರ್ಜಿ ಕೊಡಲು 21ನೇ ಕಲಮು ಅವಕಾಶ ಕೊಟ್ಟಿತ್ತು. ಇದರಿಂದ ಕಾಗದ ಉಳಿಯುವುದಕ್ಕಿಂತ ದೊಡ್ಡ ಪ್ರಯೋಜನ ಬೇರೆಯದು. ಒಬ್ಬಳೇ ಅರ್ಜಿ ಹಾಕಿದರೆ ‘ನಾಳೆಯಿಂದ ಬರಬೇಡ’ ಎನ್ನುವುದು ಸುಲಭ. ಹದಿನಾಲ್ಕು ಜನರನ್ನು ಒಂದೇ ದಿನ ಮನೆಗೆ ಕಳಿಸಿದರೆ ಮರುದಿನ ಸಮುಚ್ಚಯದ ಶೌಚಾಲಯಗಳ ಸ್ಥಿತಿ ಏನಾಗುತ್ತದೆ ಎಂಬುದು ಮೇಲ್ವಿಚಾರಕನಿಗೆ ಗೊತ್ತಿತ್ತು.

ಅರ್ಜಿಯ ತಾರೀಖನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1948ರ ಕಾಯ್ದೆಯ 20ನೇ ಕಲಮಿನಡಿ, ಕೂಲಿ ಕೊಡಬೇಕಾಗಿದ್ದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಬರಬೇಕಿತ್ತು. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಒಂದು ತಿಂಗಳ ಕೂಲಿಯನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಹಾಗಾಗಿ 2024ರ ಅಕ್ಟೋಬರಿನ ಕೂಲಿಗೆ ಗಡುವು 2025ರ ಮೇ 7. ಮಾರ್ಚಿನ ಕೂಲಿ ಕೈಗೆ ಬಂದದ್ದು ಏಪ್ರಿಲ್ ಮೊದಲ ವಾರದಲ್ಲಿ. ಆರೂ ತಿಂಗಳನ್ನು ಒಂದೇ ಅರ್ಜಿಯಲ್ಲಿ ಹಿಡಿಯಲು ಅವರಿಗೆ ಇದ್ದದ್ದು ಸರಿಯಾಗಿ ಒಂದು ತಿಂಗಳು, ಅದರಲ್ಲಿ ಮೂರು ವಾರ ರಾಜ್ಯದ ಕಚೇರಿಯಲ್ಲಿ ಕಳೆದಿತ್ತು. ಪ್ರಾದೇಶಿಕ ಕಾರ್ಮಿಕ ಆಯುಕ್ತರ (ಕೇಂದ್ರ) ಮುಂದೆ ಅರ್ಜಿ ದಾಖಲಾದದ್ದು ಮೇ 2ರಂದು. ಒಂದು ವಾರ ತಡವಾಗಿದ್ದರೆ ಅಕ್ಟೋಬರಿನ ಬಾಕಿಗೆ ವಿಳಂಬ ಮನ್ನಿಸಲು ಪ್ರತ್ಯೇಕ ಅರ್ಜಿ ಬೇಕಾಗುತ್ತಿತ್ತು. ತಪ್ಪು ಕಚೇರಿಗೆ ಹೋಗಿದ್ದೆವು ಎಂಬುದನ್ನು ಸಕಾರಣವೆಂದು ಒಪ್ಪುವುದು ಬಿಡುವುದು ಪ್ರಾಧಿಕಾರಿಯ ವಿವೇಚನೆ. ಕೇಂದ್ರದ ವ್ಯಾಪ್ತಿಯ ದೂರುಗಳನ್ನು samadhan.labour.gov.in ತಾಣದ ಮೂಲಕವೂ ಸಲ್ಲಿಸಬಹುದು ಎಂಬುದು ಅವರಿಗೆ ಗೊತ್ತಾದದ್ದು ಆಮೇಲೆ.

ದಾಖಲೆಗಳ ಪೈಕಿ ಬೆಲೆ ಬಂದದ್ದು ಮೂರಕ್ಕೆ: ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮತ್ತು ಗೇಟಿನಲ್ಲಿ ಒಳಬರುವಾಗ ಬರೆಯುವ ಪುಸ್ತಕದ ನಕಲು. ಚೀಟಿಯಲ್ಲೇ 526 ಎಂದು ಬರೆದಿದ್ದರಿಂದ ಎಷ್ಟು ಕೊಟ್ಟರು ಎಂಬ ವಾದವೇ ಏಳಲಿಲ್ಲ. ಇದು ಅದೃಷ್ಟ. ಇದಕ್ಕಿಂತ ಕಷ್ಟದ ಸಂದರ್ಭ ಯಾವುದೆಂದರೆ, ಕಾಗದದಲ್ಲಿ ಪೂರ್ತಿ 655 ತೋರಿಸಿ, ಖಾತೆಗೂ ಅಷ್ಟೇ ಹಾಕಿ, ಮೂರನೇ ದಿನ ಮೇಲ್ವಿಚಾರಕ ಪ್ರತಿಯೊಬ್ಬರಿಂದ ಎರಡು ಮೂರು ಸಾವಿರ ನಗದಾಗಿ ವಾಪಸು ಪಡೆಯುವುದು, ಅಥವಾ ಎಟಿಎಂ ಕಾರ್ಡುಗಳನ್ನೇ ತನ್ನ ಬಳಿ ಇಟ್ಟುಕೊಳ್ಳುವುದು. ಆಗ ದಾಖಲೆಯೆಲ್ಲ ಗುತ್ತಿಗೆದಾರನ ಪರ ಮಾತಾಡುತ್ತದೆ. ಅಂಥಲ್ಲಿ ಹಿಡಿಯುವ ಸುಳಿವು ಪಾಸ್‌ಬುಕ್ಕಿನಲ್ಲೇ ಇರುತ್ತದೆ: ಬೇರೆ ಬೇರೆ ಮನೆಯ ಹದಿನಾಲ್ಕು ಜನ ಪ್ರತಿ ತಿಂಗಳೂ ಒಂದೇ ದಿನ, ಒಂದೇ ಎಟಿಎಂನಿಂದ, ಒಂದೇ ಮೊತ್ತ ತೆಗೆದಿದ್ದಾರೆ ಎಂದರೆ ಅದಕ್ಕೆ ಬೇರೆ ವಿವರಣೆ ಹುಡುಕುವುದು ಕಷ್ಟ.

ನೋಟಿಸು ಹೋದ ಮೇಲೆ ಗುತ್ತಿಗೆದಾರ ರಾಜಿಗೆ ಬಂದ. ತಲೆಗೆ ಎಂಟು ಸಾವಿರ ನಗದು ಕೊಡುತ್ತೇನೆ, ‘ಎಲ್ಲ ಬಾಕಿ ಮುಟ್ಟಿದೆ’ ಎಂದು ಸಹಿ ಹಾಕಿ ಎಂಬುದು ಅವನ ಮಾತು. ಮಗಳ ಫೀಸು ಕಟ್ಟಬೇಕಿದ್ದ ಒಬ್ಬಾಕೆ ಹೆಚ್ಚುಕಡಿಮೆ ಒಪ್ಪಿಯೇ ಬಿಟ್ಟಿದ್ದಳು. ಕನಿಷ್ಠಕ್ಕಿಂತ ಕಡಿಮೆ ಹಣಕ್ಕೆ ಹಕ್ಕು ಬಿಟ್ಟುಕೊಡುವ ಬರಹ ಅಸಿಂಧು ಎಂಬುದು ನಿಜವಾದರೂ, ಸಹಿ ಹಾಕಿದ ಕಾಗದ ಎದುರಾಳಿಯ ಕೈಯಲ್ಲಿದ್ದರೆ ವಿಚಾರಣೆ ಆರು ತಿಂಗಳು ಉದ್ದವಾಗುತ್ತದೆ. ಕೊನೆಗೆ ಅವರು ಕೊಟ್ಟ ಉತ್ತರ, ಹಣ ಕೊಡುವುದಿದ್ದರೆ ಬ್ಯಾಂಕಿಗೆ ಹಾಕಲಿ, ಅದನ್ನು ಬಾಕಿಯಲ್ಲಿ ಕಳೆಯುತ್ತೇವೆ ಎಂದು. ಆತ ಹಾಕಲಿಲ್ಲ.

ಎರಡನೇ ಎದುರಾಳಿಯಾಗಿ ಅರ್ಜಿಯಲ್ಲಿ ಕಚೇರಿ ಸಮುಚ್ಚಯದ ಆಡಳಿತವನ್ನೂ ಸೇರಿಸಲಾಗಿತ್ತು. ಈ ಸೇರ್ಪಡೆಯೇ ಹಣ ಬರಲು ಕಾರಣವಾಯಿತು ಎನ್ನಬೇಕು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಅದನ್ನು ತುಂಬಿಕೊಟ್ಟು, ಗುತ್ತಿಗೆದಾರನ ಬಿಲ್ಲಿನಿಂದ ಮುರಿದುಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮಿನಲ್ಲಿತ್ತು. ಅದೇ ಕಲಮಿನ ಪ್ರಕಾರ ಕೂಲಿ ಬಟವಾಡೆಯ ಹೊತ್ತಿನಲ್ಲಿ ಮೂಲ ಮಾಲೀಕನ ಪ್ರತಿನಿಧಿಯೊಬ್ಬ ಹಾಜರಿದ್ದು ಸರಿಯಾಗಿ ಕೊಟ್ಟಿದೆ ಎಂದು ದೃಢೀಕರಿಸಬೇಕಿತ್ತು. ಆಡಳಿತದ ಅಧಿಕಾರಿ ಆರು ತಿಂಗಳೂ ‘526ರಂತೆ ಬಟವಾಡೆ ಆಗಿದೆ’ ಎಂಬ ಪಟ್ಟಿಗೆ ಸಹಿ ಹಾಕಿದ್ದ. ನಮಗೆ ಗೊತ್ತಿರಲಿಲ್ಲ ಎನ್ನುವ ದಾರಿ ಆ ಸಹಿಗಳಿಂದಲೇ ಮುಚ್ಚಿಹೋಯಿತು.

ಪ್ರಾಧಿಕಾರಿ ಬಾಕಿ ಮೊತ್ತದ ಜೊತೆಗೆ ಪರಿಹಾರವನ್ನೂ ವಿಧಿಸಬಹುದು. ಅದು ಬಾಕಿಯ ಹತ್ತು ಪಟ್ಟಿನವರೆಗೆ ಹೋಗಬಹುದು. ಹತ್ತು ಪಟ್ಟು ಎಂಬ ಮಾತು ಕಾರ್ಮಿಕರಲ್ಲಿ ಬೇಗ ಹಬ್ಬಿ, ಎಲ್ಲರೂ ಎರಡು ಲಕ್ಷದ ಲೆಕ್ಕ ಹಾಕತೊಡಗುತ್ತಾರೆ. ಅದು ಮೇಲ್ಮಿತಿ, ದರ ಅಲ್ಲ. ಎಷ್ಟು ಎಂಬುದು ಮಾಲೀಕನ ನಡವಳಿಕೆ, ಕಡಿಮೆ ಕೊಟ್ಟದ್ದು ತಿಳಿದೋ ತಿಳಿಯದೆಯೋ ಎಂಬುದರ ಮೇಲೆ ನಿಲ್ಲುತ್ತದೆ. ಆದೇಶಕ್ಕೆ ಮುಂಚೆ ಬಾಕಿ ಕಟ್ಟಿಬಿಟ್ಟರೂ ಪರಿಹಾರ ವಿಧಿಸಲು 1948ರ ಕಾಯ್ದೆಯಡಿ ಪ್ರಾಧಿಕಾರಿಗೆ ಅಧಿಕಾರವಿತ್ತು. ಈ ಪ್ರಕರಣದಲ್ಲಿ ಬಾಕಿಯಷ್ಟೇ ಮೊತ್ತದ, ಅಂದರೆ ಒಂದು ಪಟ್ಟು ಪರಿಹಾರ ಎಂದು ಇಟ್ಟುಕೊಂಡರೆ ಶಾಂತವ್ವನಿಗೆ 39,474, ಬಸಪ್ಪನಿಗೆ 51,480 ರೂಪಾಯಿ ಬರುತ್ತದೆ. ವಲಯದ ನಿಯಮವನ್ನು ಸರಳವಾಗಿ ತಪ್ಪಾಗಿ ಓದಿದ್ದಾನೆ ಎಂದು ಒಪ್ಪಬಹುದಾದ ಕಡೆ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಜಾಣತನವಲ್ಲ.

ಇಂಥದೇ ಅರ್ಜಿಯನ್ನು ಇಂದು ಹಾಕುವವರಿಗೆ ದಾರಿ ಬದಲಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು 1948ರ ಕಾಯ್ದೆಯ ಜಾಗದಲ್ಲಿ ನಿಂತಿದೆ. ಕೌಶಲ ಮತ್ತು ಭೌಗೋಳಿಕ ಪ್ರದೇಶ ಎಂಬ ಎರಡು ಅಳತೆಗೋಲುಗಳನ್ನು ಸಂಹಿತೆಯ 6ನೇ ಕಲಮೇ ಹೆಸರಿಸುತ್ತದೆ. ಹಳೆಯ ಕಾಯ್ದೆಯಡಿ ಹೊರಟ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗಿಲ್ಲದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಕೇಂದ್ರದ ಸಂಸ್ಥೆಗಳಿಗಾಗಿ ದುಡಿಸುವ ಗುತ್ತಿಗೆದಾರರು ಕೇಂದ್ರದ ವ್ಯಾಪ್ತಿಗೇ ಸೇರುತ್ತಾರೆ ಎಂಬುದನ್ನು ಈಗ ವ್ಯಾಖ್ಯೆಯಲ್ಲೇ ಬಿಡಿಸಿ ಹೇಳಲಾಗಿದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಗಡುವಿನದು: ಆರು ತಿಂಗಳ ಬದಲು ಮೂರು ವರ್ಷ. ಕೂಲಿ ಕೊಟ್ಟಿದ್ದೇನೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕನ ಮೇಲಿದೆ. ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಾಧಿಕಾರಿ ಯತ್ನಿಸಬೇಕು. ಹಣ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಹೋಗುತ್ತದೆ. ಹತ್ತು ಪಟ್ಟಿನ ಮೇಲ್ಮಿತಿ ಹಾಗೆಯೇ ಇದೆ. ಇನ್ನೊಂದು ಕಡೆ, ಅರ್ಜಿ ಹಾಕಬಹುದಾದವರ ಪಟ್ಟಿ ಕಿರಿದಾಗಿದೆ: ಕೆಲಸಗಾರ, ಅವನು ಸದಸ್ಯನಾಗಿರುವ ನೋಂದಾಯಿತ ಸಂಘ, ಮತ್ತು ಹಿಂದಿನ ಇನ್‌ಸ್ಪೆಕ್ಟರರ ಜಾಗದಲ್ಲಿ ಬಂದಿರುವ ಅಧಿಕಾರಿ. ಸಂಘದಲ್ಲಿ ಸದಸ್ಯತ್ವ ಇಲ್ಲದವರ ಪರವಾಗಿ ಸಂಘ ಹೋಗಲಾರದು ಎಂಬುದನ್ನು ಗಮನಿಸಬೇಕು. ಹದಿನಾಲ್ಕರಲ್ಲಿ ಐವರು ಚಂದಾ ಕಟ್ಟಿದವರೇ ಆಗಿರಲಿಲ್ಲ.

ಹಣ ಖಾತೆಗೆ ಬಿದ್ದ ತಿಂಗಳಲ್ಲೇ ಗೇಟಿನ ಬಳಿ ಕನ್ನಡದಲ್ಲಿ ದರಪಟ್ಟಿಯ ಹಲಗೆ ಬಂತು. ಅದರಲ್ಲಿ ವಲಯದ ಎದುರು ‘ಬಿ’ ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಬಸಪ್ಪನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಇವತ್ತಿಗೂ ‘ಸ್ವಚ್ಛತೆ’ ಎಂದೇ ಇದೆ. ಅವನು ಈಗ ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡಿರುತ್ತಾನೆ. ನಲ್ಲಿ ಸರಿಮಾಡಿದ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಬರೆದು, ಕರೆದ ಗುಮಾಸ್ತನಿಂದ ಅದರಲ್ಲೇ ಒಂದು ಸಹಿ ಹಾಕಿಸಿಕೊಂಡು ಪೈಪು ಬಿಚ್ಚುತ್ತಾನೆ.